ಸಕ್ಕರೆ ನೀರಿನಲ್ಲೂ ದೀಪ ಹತ್ತಿತು: ಹತ್ತನೇ ತರಗತಿಯ ಬಂಧಗಳ ಪಾಠ ಎಲ್ಲಿ ತಪ್ಪಿತು?

ಹುನಗುಂದದ ಟೀಚರಮ್ಮ

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಹೋದ ಶನಿವಾರ ನನ್ನದೇ ಪಾಠ ನನ್ನ ಮುಂದೆಯೇ ತಲೆಕೆಳಗಾಯಿತು. ಯಾಕೆ ಅಂತ ತಿಳಿಯದೆ ಇಲ್ಲಿ ಕೇಳುತ್ತಿದ್ದೇನೆ.

ಮೇಜಿನ ಮೇಲೆ ಮೂರು ಡಬ್ಬಿ ಇಟ್ಟಿದ್ದೆ: ಅಯಾನಿಕ, ಸಹವೇಲೆನ್ಸೀಯ, ಲೋಹೀಯ. ವಿಂಗಡಿಸಲು ಎಂಟು ವಸ್ತು ಕೊಟ್ಟೆ: ಉಪ್ಪು, ಸಕ್ಕರೆ, ಮೇಣದಬತ್ತಿಯ ಚೂರು, ಉಸುಕು, ಮೈಲುತುತ್ತ, ತಾಮ್ರದ ತಂತಿ, ಅಲ್ಯೂಮಿನಿಯಂ ಹಾಳೆ, ಪೆನ್ಸಿಲ್ ಕಡ್ಡಿ. ಏಳು ಗುಂಪು. ಮೊದಲು ಬರೀ ಕಣ್ಣಿಂದ ನೋಡಿ ಹಾಕಿ ಅಂದೆ. ಆಮೇಲೆ ಮೂರು ಪರೀಕ್ಷೆ: ಚಮಚದಲ್ಲಿ ಕಾಯಿಸುವುದು, ಒಣಗಿದ್ದಾಗ ಕರೆಂಟು ಹರಿಯುತ್ತದೆಯೇ ನೋಡುವುದು, ನೀರಿನಲ್ಲಿ ಕರಗಿಸಿ ಮತ್ತೆ ನೋಡುವುದು. ಕರೆಂಟಿಗೆ 9 ವೋಲ್ಟಿನ ಬ್ಯಾಟರಿ, ಒಂದು ಕೆಂಪು ಎಲ್‌ಇಡಿ, 470 ಓಮ್ ರೆಸಿಸ್ಟರ್, ಅದ್ದಲು ಎರಡು ಪೆನ್ಸಿಲ್ ಕಡ್ಡಿ. ಸಹವೇಲೆನ್ಸೀಯವಾದ ಸಕ್ಕರೆ ನೀರಿನಲ್ಲಿ ಕರಗಿದರೂ ಕರೆಂಟು ಹರಿಸುವುದಿಲ್ಲ ಅಂತ ಮೊದಲೇ ಬೋರ್ಡಿನ ಮೇಲೆ ಬರೆದಿದ್ದೆ.

ಕಾಯಿಸುವವರೆಗೆ ಎಲ್ಲ ಚೆನ್ನಾಗಿಯೇ ನಡೆಯಿತು. ಸಕ್ಕರೆ ಕರಗಿ ಕಂದಾಯಿತು, ಉಪ್ಪು ಚಟಚಟ ಸಿಡಿದು ಹಾಗೇ ಉಳಿಯಿತು. ನೀರಿಗೆ ಹಾಕಿದಾಗ ಉಪ್ಪಿನಲ್ಲಿ ದೀಪ ಹತ್ತಿತು, ಸಕ್ಕರೆಯಲ್ಲೂ ಹತ್ತಿತು! ಅದೂ ಮಿಣಮಿಣ ಅಲ್ಲ, ಉಪ್ಪಿನಷ್ಟೇ ಜೋರಾಗಿ. ಏಳರಲ್ಲಿ ಐದು ಗುಂಪು ಸಕ್ಕರೆಯನ್ನು ಎತ್ತಿ ಉಪ್ಪಿನ ಡಬ್ಬಿಗೆ ಹಾಕಿದವು. "ಕೈಗೆ ಉಪ್ಪು ಹತ್ತಿರಬೇಕು" ಅಂದೆ. ಲೋಟ ತೊಳೆದು ಮತ್ತೆ ಮಾಡಿದೆವು. ಮತ್ತೆ ಹತ್ತಿತು. ಹಿಂದಿನ ಬೆಂಚಿನ ಹುಡುಗಿ, "ಟೀಚರ್, ಹಂಗಾರ ಬೋರ್ಡ್ ಮ್ಯಾಲ ಬರದದ್ದ ತಪ್ಪಲ್ರಿ?" ಅಂದಳು. ಅಷ್ಟರಲ್ಲಿ ಗಂಟೆ ಹೊಡೆದು ನನ್ನ ಮಾನ ಉಳಿಯಿತು.

ಗೋಕಾಕ ಕರದಂಟು

ಮೇಡಂ, ನಾನೂ ಅತಿಥಿ ಶಿಕ್ಷಕ, ಇದು ನನಗೆ ಗೊತ್ತಿರುವ ವಿಷಯ. ಸಕ್ಕರೆಯ ಅಣುವಿನಲ್ಲಿ ಆಕ್ಸಿಜನ್-ಹೈಡ್ರೋಜನ್ ಗುಂಪುಗಳು ಎಂಟಿವೆ. ಅವು ಧ್ರುವೀಯ, ಅಂದರೆ ಒಂದು ತುದಿಗೆ ಸ್ವಲ್ಪ ಧನ, ಇನ್ನೊಂದಕ್ಕೆ ಸ್ವಲ್ಪ ಋಣ. ಅದಕ್ಕೇ ನೀರಿನಲ್ಲಿ ಕರಗುತ್ತದೆ, ಅದಕ್ಕೇ ಸ್ವಲ್ಪ ಕರೆಂಟನ್ನೂ ಹರಿಸುತ್ತದೆ. ಮಕ್ಕಳಿಗೆ "ಸಕ್ಕರೆ ಅಪವಾದ" ಅಂತ ಹೇಳಿ ಮುಂದೆ ಹೋಗಿ.

ನಿವೃತ್ತ ರಸಾಯನ, ವಿಜಯಪುರ

ತಮ್ಮಾ, ಮೊದಲ ಅರ್ಧ ಖರೆ ಅದ, ಉಳಿದ ಅರ್ಧ ಅಲ್ಲ. ಧ್ರುವೀಯ ಇದ್ದದ್ದಕ್ಕ ಸಕ್ಕರಿ ಕರಗ್ತದ, ಒಪ್ಪಿದೆ. ಆದರ ಕರಗಿದ ಮ್ಯಾಲೂ ಅದು ಇಡೀ ಅಣುವಾಗೇ ಇರ್ತದ. ಒಂದು ತುದಿ ಧನ, ಇನ್ನೊಂದು ಋಣ ಅಂದ್ರೂ ಒಟ್ಟು ಲೆಕ್ಕ ಸೊನ್ನೆ. ಅದು ಬ್ಯಾಟರಿ ಕಡೆ ಮಾರಿ ತಿರುಗಿಸಿ ನಿಂತೀತು, ಆದರ ಆ ಕಡೆಯಿಂದ ಈ ಕಡೆ ನಡ್ಕೋತ ಹೋಗಿ ಚಾರ್ಜ್ ಮುಟ್ಟಿಸಂಗಿಲ್ಲ. ಕರೆಂಟ್ ಹರೀಬೇಕಂದ್ರ ನೀರಿನೊಳಗ ಬಿಡಿ ಅಯಾನುಗಳು, ಅಂದ್ರ ಚಾರ್ಜ್ ಹೊತ್ತ ಕಣಗಳು ಬೇಕು. "ಅಪವಾದ" ಅಂತ ಹೇಳಿದಿರೋ, ಆ ಮಗು ಸಾಯೂತನಕ ಅದನ್ನ ನಂಬ್ತದ.

ಟೀಚರ್, ಒಂದs ಪ್ರಶ್ನೆ. ಏನೂ ಹಾಕದ ಬರೀ ನೀರಿನೊಳಗ ಕಡ್ಡಿ ಅದ್ದಿ ನೋಡಿದ್ರೇನು? ಮತ್ತ ಆ ನೀರು ಎಲ್ಲೀದು?

ಹುನಗುಂದದ ಟೀಚರಮ್ಮ

ಸರ್, ನೋಡಿರಲಿಲ್ಲ. ನೀರು ಶಾಲೆಯ ಬೋರ್‌ನದು. ನಿಮ್ಮ ಪ್ರಶ್ನೆ ಓದಿದ ಕೂಡಲೇ ಹೊಟ್ಟೆಯಲ್ಲಿ ಏನೋ ಕಲಸಿದಂತಾಯಿತು.

ಈಗಷ್ಟೇ ಹೋಗಿ ಮಾಡಿ ಬಂದೆ. ಬರೀ ನೀರಿನಲ್ಲೇ ದೀಪ ಹತ್ತಿತು. ಸಕ್ಕರೆಯದು ಏನೂ ತಪ್ಪಿಲ್ಲ. ನಮ್ಮ ಬೋರ್ ನೀರು ಸವಳು. ಬಕೀಟಿನ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ, ಬೇಳೆ ಬೇಯುವುದಿಲ್ಲ ಅಂತ ಅಡುಗೆಯವರು ದಿನಾ ಗೊಣಗುತ್ತಾರೆ. ಅದೇ ನೀರನ್ನು ಪ್ರಯೋಗಕ್ಕೆ ಬಳಸಿದಾಗ ಅದರಲ್ಲಿ ಆಗಲೇ ಉಪ್ಪುಗಳು ಕರಗಿವೆ ಅನ್ನುವುದು ನನ್ನ ತಲೆಗೇ ಬರಲಿಲ್ಲ.

ಸವಳು ಭೂಮಿ

ಅಕ್ಕಾರ, ನಮ್ಮ ಹೊಲದ ಬೋರಿಂದೂ ಇದs ಕತಿ. ದೀಪ ಹತ್ತುವಂಥಾ ನೀರು ಕುಡಿಬಹುದೋ ಬ್ಯಾಡೋ? ಮೀಟರ್ ಹಚ್ಚಿದ್ರ ಟಿಡಿಎಸ್ 1100 ತೋರಿಸ್ತು. ಫಿಲ್ಟರ್ ಯಾವುದು ಛಲೋ?

ಬೆಳಗಾವಿ ವಾಯರ್‌ಮನ್

ಅಣ್ಣಾರ, ಇಲ್ಲಿ ನಡದದ್ದು ಪಾಠದ ಮಾತು. ಆದ್ರೂ ಹೇಳ್ತೀನಿ: ಕುಡಿಯೂ ನೀರಿಗೆ ಸರಕಾರದ ಮಾನಕದಾಗ ಟಿಡಿಎಸ್, ಅಂದ್ರ ನೀರಿನಾಗ ಒಟ್ಟು ಕರಗಿದ್ದು, ಲೀಟರಿಗೆ 500 ಮಿಲಿಗ್ರಾಂ, ಬ್ಯಾರೆ ನೀರಿಲ್ಲದ ಕಡೆ 2000 ತನಕ ನಡಿತೈತಿ. ಆದ್ರ ದೀಪ ಹತ್ತೂದಕ್ಕೂ ಕುಡಿಯೂದಕ್ಕೂ ಸಂಬಂಧ ಇಲ್ಲ. ಫ್ಲೋರೈಡು, ನೈಟ್ರೇಟು ದೀಪದಾಗ ಕಾಣಂಗಿಲ್ಲ. ಲ್ಯಾಬಿಗೆ ಕೊಟ್ಟು ತೋರಸ್ರಿ.

ಟೀಚರ್, ನಿಮ್ಮ ಸರ್ಕಿಟ್ಟಿನ ಬಗ್ಗೆ ಒಂದು ಮಾತು. ಉಪ್ಪಿನ ನೀರು, ಬೋರ್ ನೀರು ಎರಡೂ ಒಂದs ನಮೂನಿ ಬೆಳಗಿದ್ದು ರೆಸಿಸ್ಟರ್ ಸಲುವಾಗಿ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ನುಂಗತೈತಿ. ನೀರಿನಾಗ ಅದ್ದಿದ ಕಡ್ಡಿ ಹತ್ರ ಗುಳ್ಳಿ ಏಳೂದಕ್ಕs ಇನ್ನೊಂದು 2 ವೋಲ್ಟ್ ಹೋಗತೈತಿ. ಉಳಿದದ್ದು 5. ಅದನ್ನ 470 ಓಮ್ ದಾಟಿಸಿದ್ರ 10 ಮಿಲಿ ಆಂಪಿಯರ್ ಮ್ಯಾಲ ಬಹಳ ಹೋಗಂಗs ಇಲ್ಲ, ಉಪ್ಪು ಎಷ್ಟs ಸುರೀರಿ. ಹುಬ್ಬಳ್ಳಿ ರೋಡು ಎಷ್ಟs ಅಗಲ ಇದ್ರೂ ಟೋಲ್ ಗೇಟಿನಾಗ ಒಂದೊಂದs ಗಾಡಿ ಅಲ್ಲ? ಹಂಗ. ಎಲ್‌ಇಡಿ "ಹೌದು, ಇಲ್ಲ" ಅಂತ ಹೇಳತೈತಿ, "ಎಷ್ಟು" ಅಂತ ಹೇಳಂಗಿಲ್ಲ. ಅದೂ ಒಂದು ಮಿಲಿ ಆಂಪಿಯರಿಗs ಹತ್ತಿ ಬಿಡತೈತಿ.

ರೆಸಿಸ್ಟರ್ ಮಾತ್ರ ತಗಿಬ್ಯಾಡ್ರಿ. ಹುಡುಗರು ಎರಡು ಕಡ್ಡಿ ತಾಗಿಸಿದ್ರ ಎಲ್‌ಇಡಿ ಸುಟ್ಟು ಹೋಗತೈತಿ. ಒಂದು ಮಲ್ಟಿಮೀಟರ್ ಸಾಲಿನಾಗ ಸೇರಸ್ರಿ, ಅಂಕಿ ಬರಲಿ.

ಬಾದಾಮಿ ಬೆಟ್ಟ

ನಮ್ಮಲ್ಲಿ ಉಲ್ಟಾ ಆಗಿತ್ತು. ಉಪ್ಪಿನ ನೀರಿನಲ್ಲೂ ಹತ್ತಲಿಲ್ಲ. ಎರಡು ಪೆನ್ ಸೆಲ್, ಒಂದು ಟಾರ್ಚ್ ಬಲ್ಬು.

ಬೆಳಗಾವಿ ವಾಯರ್‌ಮನ್

ಹತ್ತೂದs ಇಲ್ಲ. ಟಾರ್ಚ್ ಬಲ್ಬಿಗೆ ನೂರಾರು ಮಿಲಿ ಆಂಪಿಯರ್ ಬೇಕು. ಎಲ್‌ಇಡಿ ಹಾಕಿದ್ರೂ ಎರಡು ಸೆಲ್ಲಿನ 3 ವೋಲ್ಟ್ ಸಾಲಂಗಿಲ್ಲ, ಮ್ಯಾಲ ಲೆಕ್ಕ ಹೇಳೀನಲ್ಲ, 2 ಮತ್ತ 2. ನಾಕು ಸೆಲ್ಲರೆ ಬೇಕು, ಆರಾದ್ರ ಆರಾಮ.

ಹುನಗುಂದದ ಟೀಚರಮ್ಮ

ಗ್ಯಾರೇಜಿನಿಂದ ಬ್ಯಾಟರಿಗೆ ಹಾಕುವ, ಲವಣ ತೆಗೆದ ನೀರಿನ ಕ್ಯಾನ್ ತಂದೆ. ಒಂದು ಲೋಟ ನೀರಿಗೆ ಒಂದು ಚಮಚ, ಕಡ್ಡಿಗಳ ನಡುವೆ ಎರಡು ಬೆರಳಿನಷ್ಟು ಅಂತರ. ಪ್ರತಿ ಸಲ ಕಡ್ಡಿಯನ್ನು ಬ್ಯಾಟರಿ ನೀರಿನಲ್ಲೇ ತೊಳೆದೆ. ಮೀಟರಿನಲ್ಲಿ ಬೋರ್ ನೀರು 7 ಮಿಲಿ ಆಂಪಿಯರ್, ಬೋರ್ ನೀರು ಮತ್ತು ಸಕ್ಕರೆ ಹೆಚ್ಚುಕಡಿಮೆ ಅಷ್ಟೇ, ಉಪ್ಪು 10. ಬ್ಯಾಟರಿ ನೀರು 0.1 ಅಂತ ತೋರಿಸಿ ನಿಂತಿತು. ಅದಕ್ಕೆ ಸಕ್ಕರೆ ಹಾಕಿದರೆ 0.2, ದೀಪ ಕಾಣಲಿಲ್ಲ. ಅದಕ್ಕೇ ಉಪ್ಪು ಹಾಕಿದೆ, 10ಕ್ಕೆ ಹಾರಿತು. ವಾಯರ್‌ಮನ್ ಅಣ್ಣಾರ ಲೆಕ್ಕ ಹೇಳಿದಂತೆಯೇ ಬಂತು.

ಇಂಡಿ ಲಿಂಬಿ

ನನ್ನ ಮಗನೂ ಹತ್ತನೇ ಕ್ಲಾಸು. ಈ ಥ್ರೆಡ್ ಓದಿ ಮನೆಯಲ್ಲೇ ಮಾಡಿದ. ನಮ್ಮಲ್ಲಿ ಲಿಂಬೆಗೇನೂ ಬರವಿಲ್ಲ, ರಸದಲ್ಲಿ ಅದ್ದಿದ, ಜೋರಾಗಿ ಹತ್ತಿತು. ಅವರ ತಾಯಿ ಬೆಲ್ಲ ಕೊಟ್ಟಳು, ಬಾಟಲಿಯ ಶುದ್ಧ ನೀರಿನಲ್ಲಿ ಕರಗಿಸಿದ, ಅದರಲ್ಲೂ ಹತ್ತಿತು. ಹಂಗಾದ್ರ ಬೆಲ್ಲ ಅಯಾನಿಕ, ಸಕ್ಕರೆ ಸಹವೇಲೆನ್ಸೀಯ ಅಂತಾನೆ. ನಾನು ಬಿ.ಕಾಂ., ಬಾಯಿ ಮುಚ್ಚಿಕೊಂಡು ಕೂತಿದ್ದೇನೆ.

ನಿವೃತ್ತ ರಸಾಯನ, ವಿಜಯಪುರ

ಮಗ ಶಾಣ್ಯಾ ಅದಾನ, ಬಾಟಲಿ ನೀರೊಂದು ಬಿಟ್ರ ಎಲ್ಲ ಬರೋಬ್ಬರಿ ಮಾಡ್ಯಾನ. ಬಾಟಲಿ ನೀರಿನೊಳಗೂ ರುಚಿಗೆ ಅಂತ ಖನಿಜ ಬಿಟ್ಟಿರ್ತಾರ, ಮೊದಲು ಅದನ್ನs ನೋಡಲಿ.

ಬೆಲ್ಲದ ಕತಿ ಸರಳ. ಕಬ್ಬಿನ ಹಾಲಿನೊಳಗ ನೆಲದಿಂದ ಎಳಕೊಂಡ ಪೊಟ್ಯಾಸಿಯಂ ಮೊದಲಾದ ಲವಣ ಇರ್ತಾವ. ಗಾಣದ ಮನಿಯೊಳಗ ಅದನ್ನ ಕುದಿಸಿ ಹಂಗs ಗಟ್ಟಿ ಮಾಡ್ತೀವಿ, ಲವಣ ಎಲ್ಲ ಒಳಗs ಉಳೀತಾವ. ಸಕ್ಕರಿ ಕಾರ್ಖಾನಿಯೊಳಗ ಹರಳು ಬ್ಯಾರೆ ಮಾಡಿ ತೊಳೀತಾರ, ಲವಣ ಕಾಕಂಬಿ ಕೂಡ ಹೋಗ್ತಾವ. ಹಿಂಗಾಗಿ ದೀಪ ಹಚ್ಚಿದ್ದು ಬೆಲ್ಲದೊಳಗಿನ ಸಕ್ಕರಿ ಅಲ್ಲ, ಅದರ ಕೂಡ ಬಂದ ಲವಣ.

ಲಿಂಬಿದು ಇನ್ನೂ ಛಂದ ಅದ. ಅದರೊಳಗಿನ ಸಿಟ್ರಿಕ್ ಆಮ್ಲದ ಅಣು ಸಹವೇಲೆನ್ಸೀಯ, ಅದರೊಳಗ ಸಂಶಯ ಇಲ್ಲ. ಆದರ ನೀರಿಗೆ ಬಿದ್ದ ಮ್ಯಾಲ ಕೆಲವೊಂದು ಅಣುವಿನ ಹೈಡ್ರೋಜನ್ನ ನೀರು ಕಸಗೊಂಡು ಹೋಗ್ತದ, ಅಲ್ಲೇ ಅಯಾನು ಹುಟ್ಟತಾವ. ಅದಕ್ಕ ಟೀಚರ್, ನಿಮ್ಮ ಮೂರನೇ ಪರೀಕ್ಷಾ ಹೇಳೂದು "ಈ ನೀರಿನೊಳಗ ಈಗ ಅಯಾನು ಅದಾವೋ ಇಲ್ಲೋ" ಅಂತ, ಅಷ್ಟs. ಒಣಗಿದ್ದಾಗ ಆ ವಸ್ತು ಯಾವ ಬಂಧದಿಂದ ನಿಂತಿತ್ತು ಅಂತ ಹೇಳಂಗಿಲ್ಲ. ಮೂರೂ ಪರೀಕ್ಷಾ ಕೂಡಿಸಿ ನೋಡ್ರಿ. ಒಣ ಇದ್ದಾಗ ದೀಪ ಇಲ್ಲ, ಚಮಚಾದೊಳಗ ಕರಗಂಗಿಲ್ಲ, ನೀರಿನೊಳಗ ದೀಪ ಅದ ಅಂದ್ರ ಅಯಾನಿಕ ಅನ್ನೂದಕ್ಕ ಒಳ್ಳೆ ಆಧಾರ. ಆದರೂ ಆಧಾರ, ಮುದ್ರಿ ಅಲ್ಲ. ಉಪ್ಪನ್ನೂ ಮೊದಲು ಹಂಚಿನ ಮ್ಯಾಲ ಬಿಸಿ ಮಾಡಿ ಒಣಗಿಸ್ರಿ, ಮಳಿಗಾಲದೊಳಗ ಹಸೀ ಹಿಡಿದ ಕಲ್ಲುಪ್ಪು ಒಣಾ ಅಂತ ತಿಳಿದ್ರೂ ದೀಪ ಹಚ್ಚತದ.

ಗೋಕಾಕ ಕರದಂಟು

ಸರಿ ಸರ್, ಸಕ್ಕರೆಯಲ್ಲಿ ಸೋತೆ. ಆದರೆ ಕಾಯಿಸುವ ಪರೀಕ್ಷೆ ಮಾತ್ರ ಗಟ್ಟಿ ಇದೆ. ಸಹವೇಲೆನ್ಸೀಯ ಬಂಧ ದುರ್ಬಲ, ಅದಕ್ಕೇ ಮೇಣ 60 ಡಿಗ್ರಿಯ ಆಸುಪಾಸು ಕರಗುತ್ತದೆ. ಅಯಾನಿಕ ಬಂಧ ಬಲಿಷ್ಠ, ಅದಕ್ಕೇ ಉಪ್ಪಿಗೆ 801 ಡಿಗ್ರಿ ಬೇಕು.

ನಿವೃತ್ತ ರಸಾಯನ, ವಿಜಯಪುರ

ಉಸುಕನ್ನ ಯಾವ ಡಬ್ಬಿಗೆ ಹಾಕ್ತಿ ಹಂಗಾರ?

ಗೋಕಾಕ ಕರದಂಟು

ಕರಗುವುದಿಲ್ಲ, ಅಂದ ಮೇಲೆ ಅಯಾನಿಕ... ಅಲ್ಲ. ಸಿಲಿಕಾನ್, ಆಕ್ಸಿಜನ್. ಸಹವೇಲೆನ್ಸೀಯ. ಛೆ.

ನಿವೃತ್ತ ರಸಾಯನ, ವಿಜಯಪುರ

ಹೂಂ. ಉಸುಕು ಕರಗಲಿಕ್ಕೆ 1700 ಡಿಗ್ರಿ ಸಮೀಪ ಬೇಕು, ಉಪ್ಪಿನ ಎರಡು ಪಟ್ಟಿಗಿಂತ ಮ್ಯಾಲೆ. ಮೇಣ ಕರಗುವಾಗ ಅಣುವಿನ ಒಳಗಿನ ಬಂಧ ಒಂದೂ ಹರಿಯಂಗಿಲ್ಲ. ಅಣು-ಅಣು ನಡುವಿನ ಸಡಿಲ ಹಿಡಿತ ಬಿಡ್ತದ, ಅಷ್ಟs. ಒಂದು ಚೀಲ ಶೇಂಗಾ ಸುರುವಿದ್ರ ಕಾಯಿ ಉರುಳಿ ಹೋಗ್ತಾವ, ಸಿಪ್ಪಿ ಒಡೀತೇನು? ಉಸುಕಿನೊಳಗ ಬಿಡಿ ಕಾಯೇ ಇಲ್ಲ, ಇಡೀ ಕಣ ಒಂದs ಬಲಿ ಹೆಣದಂಗ ಅದ. ಅದನ್ನ ಕರಗಸ್ಬೇಕಂದ್ರ ಬಂಧಾನs ಹರೀಬೇಕು. ಸಕ್ಕರಿ ಇವೆರಡಕ್ಕೂ ನಡುವ: ಕರಗ್ತದ, ಜೊತಿಗೆ ಅಣುಗಳೂ ಒಡಿಯಾಕ ಸುರು ಆಗ್ತಾವ, ಅದಕ್ಕs ಕಂದು ಬಣ್ಣ, ಕಮರು ವಾಸನಿ.

ಚಮಚಾದೊಳಗ ಉಪ್ಪು ಚಟಚಟ ಅಂದಿತು ಅಂದ್ರಲ್ಲ, ಅದು ಹರಳಿನೊಳಗ ಸಿಕ್ಕಿದ್ದ ನೀರು ಆವಿ ಆಗಿ ಸಿಡಿದದ್ದು. ಮಕ್ಕಳು "ಉಪ್ಪು ಪ್ರತಿಕ್ರಿಯಿಸಿತು" ಅಂತ ಬರೀತಾವ, ನೋಡ್ಕೋರಿ.

ಹುನಗುಂದದ ಟೀಚರಮ್ಮ

ಬರೆದಿದ್ದಾರೆ ಸರ್. ನಾಲ್ಕು ಗುಂಪು.

ಇನ್ನೊಂದು ಕೇಳಬೇಕಿತ್ತು. ಪರೀಕ್ಷೆಗೂ ಮೊದಲು ನಾನು ಹೇಳುವ ಹೋಲಿಕೆಗಳು. ಸೋಡಿಯಂ ದಾನಿ, ಕ್ಲೋರಿನ್ ಬೇಡುವವ. ಇವ ಖುಷಿಯಿಂದ ಒಂದು ಎಲೆಕ್ಟ್ರಾನ್ ಕೊಟ್ಟ, ಅವ ತಗೊಂಡ, ಇಬ್ಬರೂ ಜೋಡಿಯಾದರು. ಸಹವೇಲೆನ್ಸೀಯಕ್ಕೆ ಅಣ್ಣತಮ್ಮಂದಿರ ಸಾಮಾಯಿಕ ಬಾವಿ: ಎರಡು ಹೊಲದ ಬದುವಿನಲ್ಲಿ ಒಂದೇ ಬಾವಿ, ಇಬ್ಬರ ಲೆಕ್ಕದಲ್ಲೂ ಅದು ಪೂರ್ತಿ ಬಾವಿ. ಲೋಹಕ್ಕೆ ಪಾಠಗಳಲ್ಲಿ ಬರುವ "ಎಲೆಕ್ಟ್ರಾನ್ ಸಮುದ್ರ" ನಮ್ಮ ಮಕ್ಕಳಿಗೆ ಹತ್ತಲಿಲ್ಲ, ಆಲಮಟ್ಟಿ ಹಿನ್ನೀರಿಗಿಂತ ದೊಡ್ಡ ನೀರು ಅವರು ನೋಡಿಲ್ಲ. ಅದಕ್ಕೆ ಊರ ಗಾಯರಾಣ ಅಂದೆ. ಎಲ್ಲ ಮನೆಯವರೂ ದನ ಬಿಡುತ್ತಾರೆ, ಅಲ್ಲಿ ಮೇಯುವಾಗ ಯಾವ ದನ ಯಾವ ಮನೆಯದು ಅಂತ ಲೆಕ್ಕವಿಲ್ಲ. ಒಬ್ಬ ಎದ್ದು, "ದನ ಅಡ್ಡಾಡ್ತಾವ ಖರೆ, ಆದ್ರ ಅವು ಮನಿಗಳನ್ನ ಹಿಡದ ಇಡ್ತಾವೇನ್ರಿ?" ಅಂದ. ಉತ್ತರ ಹೊಳೆಯಲಿಲ್ಲ.

ನಿವೃತ್ತ ರಸಾಯನ, ವಿಜಯಪುರ

ಆ ಹುಡುಗನ್ನ ಮುಂದಿನ ಬೆಂಚಿಗೆ ಕೂಡಸ್ರಿ. ಗಾಯರಾಣದ ಹೋಲಿಕೆ ಕರೆಂಟು ಯಾಕ ಹರೀತದ ಅಂತ ಹೇಳ್ತದ, ಲೋಹ ಯಾಕ ಚದುರಿ ಹೋಗಂಗಿಲ್ಲ ಅಂತ ಹೇಳಂಗಿಲ್ಲ. ಅದನ್ನ ಬಾಯಿಬಿಟ್ಟು ಹೇಳಿಬಿಡ್ರಿ. ಎಲೆಕ್ಟ್ರಾನ್ ಬಿಟ್ಟ ಪರಮಾಣು ಧನ, ಅಡ್ಡಾಡೂ ಎಲೆಕ್ಟ್ರಾನ್ ಋಣ, ಅವೆರಡರ ಸೆಳೆತನೇ ಬಂಧ. ದನಕ್ಕೂ ಮನಿಗೂ ಅಂಥಾ ಸೆಳೆತ ಇಲ್ಲ, ಹೋಲಿಕೆ ಅಲ್ಲಿಗೆ ಮುಗೀತು.

ಬಾವಿದು ನನಗ ಬಹಳ ಸೇರಿತು, ಇನ್ನೊಂದು ಹೆಜ್ಜಿ ಮುಂದ ಹೋಗ್ತದ ಅದು. ಒಬ್ಬನ ಕಡೆ ಐದು ಎಚ್‌ಪಿ ಮೋಟಾರ್, ಇನ್ನೊಬ್ಬನ ಕಡೆ ಮೂರು. ಬಾವಿ ಸಾಮಾಯಿಕನೇ, ಆದರ ನೀರು ಐದರ ಕಡೆ ಜಾಸ್ತಿ. ನೀರಿನ ಅಣುವಿನೊಳಗ ಆಕ್ಸಿಜನ್ನಿನ ಮೋಟಾರ್ ದೊಡ್ಡದು. ಧ್ರುವೀಯ ಅಂದ್ರ ಅದs.

ದಾನದ ಕತಿ ಮಾತ್ರ ನಾನು ಒಪ್ಪಂಗಿಲ್ಲ. ಬಿಡಿ ಸೋಡಿಯಂ ಪರಮಾಣುವಿನಿಂದ ಎಲೆಕ್ಟ್ರಾನ್ ಕೀಳಲಿಕ್ಕೆ ಒಂದು ಮೋಲಿಗೆ 496 ಕಿಲೋಜೂಲ್ ಖರ್ಚು. ಕ್ಲೋರಿನ್ ಅದನ್ನ ತಗೊಂಡಾಗ ಬರೂದು 349. ಅಂದ್ರ ಬರೀ ಕೊಟ್ಟು-ತಗೊಳ್ಳೂ ವ್ಯವಹಾರದೊಳಗ 147 ಲುಕ್ಸಾನು. ಸೋಡಿಯಂ ಖುಷಿಯಿಂದ ಕೊಟ್ಟಿಲ್ಲ! ಲಾಭ ಬರೂದು ಆಮೇಲೆ, ಆ ಅಯಾನುಗಳು ಸಾಲು ಹಿಡಿದು ಹರಳಾಗಿ ಕೂತಾಗ: 787. ಬಂಧ ಇರೂದು ಆ ಕೂಡೂದರೊಳಗ, ಕೊಡೂದರೊಳಗ ಅಲ್ಲ. ಒಂದು ಸೋಡಿಯಂ ಸುತ್ತ ಆರು ಕ್ಲೋರೈಡ್, ಒಂದು ಕ್ಲೋರೈಡ್ ಸುತ್ತ ಆರು ಸೋಡಿಯಂ. ಯಾರು ಯಾರಿಗೆ ಕೊಟ್ಟ ಅಂತ ಹರಳಿಗೆ ನೆನಪೇ ಇಲ್ಲ. ದಾನದ ಕತಿ ಕೇಳಿದ ಮಗು ಜೋಡಿ ಜೋಡಿ ಬರೀತದ, "ಉಪ್ಪಿನ ಅಣು" ಅಂತದ. ಉಪ್ಪಿನ ಹರಳಿನೊಳಗ ಅಂಥಾ ಅಣುನೇ ಇಲ್ಲ, `NaCl` ಅನ್ನೂದು ಬರೀ ಒಂದಕ್ಕ ಒಂದು ಅನ್ನೂ ಲೆಕ್ಕ.

ಗೋಕಾಕ ಕರದಂಟು

ಸರ್, ನಿಮ್ಮ ಮಾತು ಪಿಯುಸಿಗೆ ಸರಿ. ಹತ್ತನೇ ಪರೀಕ್ಷೆಯಲ್ಲಿ ಕೇಳುವುದು ಎಲೆಕ್ಟ್ರಾನ್ ವರ್ಗಾವಣೆಯ ಚಿತ್ರ. ಕೊಟ್ಟ, ತಗೊಂಡ ಅಂತ ಬಾಣ ಹಾಕದಿದ್ದರೆ ಅಂಕ ಇಲ್ಲ. ಲೋಹೀಯ ಬಂಧವಂತೂ ಹತ್ತರ ಪುಸ್ತಕದಲ್ಲಿ ಪ್ರತ್ಯೇಕ ಪಾಠವಾಗಿಯೇ ಇಲ್ಲ. ಅಯಾನಿಕ ಲೋಹ-ಅಲೋಹಗಳ ಪಾಠದಲ್ಲಿ, ಸಹವೇಲೆನ್ಸೀಯ ಕಾರ್ಬನ್ ಪಾಠದಲ್ಲಿ. ಮೂರನ್ನೂ ಒಟ್ಟಿಗೆ ಕಲಿಸಿ ಮಕ್ಕಳನ್ನು ಯಾಕೆ ಗೊಂದಲಕ್ಕೆ ಹಾಕಬೇಕು?

ಹತ್ತನೇ ಬಿ ವಿಭಾಗ

ನಾನು ಸ್ಟೂಡೆಂಟ್. ಬಾಣ ಹಾಕ್ತೀನಿ, ಕೆಳಗೆ "ಈ ಅಯಾನುಗಳ ಆಕರ್ಷಣೆಯೇ ಬಂಧ" ಅಂತ ಒಂದು ಸಾಲು ಬರೀತೀನಿ. ಎರಡೂ ಆಯ್ತಲ್ಲ?

ನಿವೃತ್ತ ರಸಾಯನ, ವಿಜಯಪುರ

ಆಯ್ತವಾ. ಜಗಳ ಮಾಡವ್ರು ನಾವಿಬ್ಬರs.

ಗೋಕಾಕ ಕರದಂಟು

ನಾನಿನ್ನೂ ಒಪ್ಪಿಲ್ಲ ಸರ್. 40 ನಿಮಿಷದ ಪೀರಿಯಡ್ಡು.

ಹುನಗುಂದದ ಟೀಚರಮ್ಮ

ಇವತ್ತು ಪಾಠ ಮತ್ತೆ ಮಾಡಿದೆ, ಎರಡು ಪೀರಿಯಡ್ ತಗೊಂಡೆ (ಸಮಾಜ ವಿಜ್ಞಾನದ ಸರ್ ಕಾಡಿ ಬೇಡಿಸಿಕೊಂಡು ಬಿಟ್ಟುಕೊಟ್ಟರು).

ಬೋರ್ ನೀರಿನಿಂದಲೇ ಶುರು ಮಾಡಿದೆ. ಯಾವ ಪುಡಿಯನ್ನೂ ಹಾಕದೆ ಕಡ್ಡಿ ಅದ್ದಿ, "ದೀಪ ಯಾಕೆ ಹತ್ತಿತು?" ಅಂದೆ. ಐದು ನಿಮಿಷದಲ್ಲಿ ಅವರೇ ಬಕೀಟಿನ ಬಿಳಿ ಪೊರೆಯ ತನಕ ಬಂದರು. ಆಮೇಲೆ ಪ್ರತಿ ಗುಂಪಿನ ಹಾಳೆಯಲ್ಲಿ "ಬರೀ ನೀರು" ಅಂತ ಮೊದಲ ಸಾಲು ಅವರೇ ಹಾಕಿಕೊಂಡರು. ಉಪ್ಪಿನ ನೀರಿನಲ್ಲಿ ತುಸು ಹೊತ್ತು ಬಿಟ್ಟರೆ ಬ್ಲೀಚಿಂಗ್ ಪುಡಿಯ ವಾಸನೆ ಬರುತ್ತದೆ, ಧನ ತುದಿಯ ಕಡ್ಡಿಯಲ್ಲಿ ಕ್ಲೋರಿನ್ ಏಳುತ್ತದೆ. ಕಿಟಕಿ ತೆರೆದು, ಐದು ಎಣಿಸಿ ತೆಗೆಯಿರಿ ಅಂದೆ. ಮೈಲುತುತ್ತವನ್ನು ನಾನೇ ಹಿಡಿದೆ, ಅದು ವಿಷ. ದ್ರಾಕ್ಷಿ, ದಾಳಿಂಬೆಗೆ ಸುಣ್ಣದ ಜೊತೆ ಕಲಸಿ ಹೊಡೆಯುವ ಮನೆಯ ಮಕ್ಕಳಿಗೆ ಅದು ಗೊತ್ತೇ ಇತ್ತು.

ಅಯಾನಿಕಕ್ಕೆ ಕತೆ ಹೇಳಲಿಲ್ಲ. ಅಂಗಳದಲ್ಲಿ 16 ಮಕ್ಕಳನ್ನು ನಾಲ್ಕು ಸಾಲಿಗೆ ನಿಲ್ಲಿಸಿದೆ. ಕೆಂಪು ಟವೆಲ್ಲು, ಬಿಳಿ ಟವೆಲ್ಲು, ಚದುರಂಗದ ಮನೆಗಳಂತೆ ಒಂದು ಬಿಟ್ಟು ಒಂದು. ಮುಂದೆ, ಹಿಂದೆ, ಎಡ, ಬಲ ಎಲ್ಲ ಕಡೆ ಬೇರೆ ಬಣ್ಣ. ನಂತರ ಒಂದು ಸಾಲಿಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ ಅಂದೆ. ಕೆಂಪಿಗೆ ಕೆಂಪು, ಬಿಳಿಗೆ ಬಿಳಿ ಎದುರಾಯಿತು. "ಈಗ ದೂಡ್ಕೋಬೇಕು" ಅಂತ ಅವರೇ ಕೂಗಿದರು. ಕಲ್ಲುಪ್ಪಿನ ಹರಳಿಗೆ ಸುತ್ತಿಗೆ ಹಾಕಿ ತೋರಿಸಿದೆ, ಪುಡಿಯಾಯಿತು. ತಾಮ್ರದ ತಂತಿಗೆ ಹಾಕಿದೆ, ಚಪ್ಪಟೆಯಾಯಿತು, ಮುರಿಯಲಿಲ್ಲ. ಆ ಹುಡುಗ, ಗಾಯರಾಣದವನೇ, "ಅಲ್ಲಿ ಎಲ್ಲಾರೂ ಒಂದs ಬಣ್ಣ, ನಡುವ ದನ ತುಂಬ್ಯಾವ, ಸರದ್ರೂ ಫರಕ ಇಲ್ಲ" ಅಂದ. ನನ್ನ ಹೋಲಿಕೆಯನ್ನು ನನಗಿಂತ ಚೆನ್ನಾಗಿ ಬಳಸಿದ.

ಎರಡು ವಸ್ತು ಮಾತ್ರ ಇನ್ನೂ ಕಾಡುತ್ತಿವೆ. ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಅಯಾನಿಕ ಡಬ್ಬಿಗೆ ಹೋಯಿತು. ಆದರೆ ಸಲ್ಫೇಟಿನ ಒಳಗೆ ಗಂಧಕ ಮತ್ತು ಆಕ್ಸಿಜನ್ ಹಂಚಿಕೊಂಡೇ ಇವೆಯಲ್ಲ ಸರ್? ಇನ್ನೊಂದು ಪೆನ್ಸಿಲ್ ಕಡ್ಡಿ.

ನಿವೃತ್ತ ರಸಾಯನ, ವಿಜಯಪುರ

ಸಲ್ಫೇಟ್ ಒಳಗ ಸಹವೇಲೆನ್ಸೀಯ, ಅದಕ್ಕೂ ತಾಮ್ರಕ್ಕೂ ನಡುವ ಅಯಾನಿಕ. ಒಂದ ವಸ್ತುವಿಗೆ ಒಂದs ಬಂಧ ಅಂತ ಯಾರು ಹೇಳ್ಯಾರ? ಡಬ್ಬಿಯೊಳಗ ಡಬ್ಬಿ ಇಡ್ರಿ.

ಪೆನ್ಸಿಲ್ ಕಡ್ಡಿ ಗ್ರಾಫೈಟ್ ಮತ್ತ ಮಣ್ಣು. ಗ್ರಾಫೈಟಿನೊಳಗ ಪ್ರತಿ ಕಾರ್ಬನ್ ಮೂರು ಮಂದಿ ಕೂಡ ಬಾವಿ ಹಂಚಿಕೊಂಡದ, ನಾಕನೇ ಎಲೆಕ್ಟ್ರಾನ್ ಆ ಪದರದ ತುಂಬ ಅಡ್ಡಾಡ್ತದ. ಬಾವಿಯೂ ಅದ, ಗಾಯರಾಣನೂ ಅದ.

ಗೋಕಾಕ ಕರದಂಟು

ಅಂದರೆ ಉತ್ತರ ಪತ್ರಿಕೆಯಲ್ಲಿ ಯಾವುದು ಬರೆಯಬೇಕು ಸರ್, ಅದನ್ನು ಹೇಳಿ.

ನಿವೃತ್ತ ರಸಾಯನ, ವಿಜಯಪುರ

ಸಹವೇಲೆನ್ಸೀಯ ಅಂತ ಬರೀಲಿ. ಕರೆಂಟ್ ಯಾಕ ಹರೀತದ ಅಂತನೂ ಬರೀಲಿ.

ಸವಳು ಭೂಮಿ

ಫಿಲ್ಟರಿಂದು ಯಾರೂ ಹೇಳಲೇ ಇಲ್ಲ.

ಹುನಗುಂದದ ಟೀಚರಮ್ಮ

ಅಣ್ಣಾರ, ವಾಯರ್‌ಮನ್ ಅಣ್ಣಾರು ಹೇಳಿದಂತೆ ಮೊದಲು ನೀರನ್ನು ಲ್ಯಾಬಿಗೆ ಕೊಡಿ. ಏನಿದೆ ಅಂತ ತಿಳಿಯದೆ ಫಿಲ್ಟರ್ ಕೊಂಡರೆ ನನ್ನ ಸಕ್ಕರೆಯ ಕತೆಯೇ ಆಗುತ್ತದೆ.

ಸರ್, ಪೆನ್ಸಿಲ್ ಕಡ್ಡಿಯನ್ನು ಮೂರು ಗುಂಪು ಸಹವೇಲೆನ್ಸೀಯಕ್ಕೆ ಹಾಕಿದವು, ಮೂರು ಲೋಹೀಯಕ್ಕೆ. ಏಳನೇ ಗುಂಪು ಎರಡು ಡಬ್ಬಿಗಳನ್ನು ಹತ್ತಿರ ಸರಿಸಿ ಕಡ್ಡಿಯನ್ನು ಅವುಗಳ ಮೇಲೆ ಸೇತುವೆಯಂತೆ ಅಡ್ಡ ಇಟ್ಟಿತು. ನಾನು ಹಾಗೇ ಬಿಟ್ಟು ಬಾಗಿಲು ಹಾಕಿ ಬಂದೆ.